ಒಂಬತ್ತು ಹೋಗಿ ಮೈನಸ್ ಏಳಾದಾಗ

ಐದರಲ್ಲಿ ಮೈನಸ್ ನಾಲ್ಕನ್ನು ಕಳೆದರೆ ಒಂಬತ್ತು. ಎಂಜಿನಿಯರಿಂಗ್ ಕಾಲೇಜಿನ ಡಿಜಿಟಲ್ ಲ್ಯಾಬಿನಲ್ಲಿ ಟ್ರೈನರ್ ಕಿಟ್‌ಗೆ ಇದೇ ಲೆಕ್ಕ ಕೊಟ್ಟರೆ ನಾಲ್ಕು ಎಲ್‌ಇಡಿಗಳು 1001 ಎನ್ನುತ್ತವೆ. ಅದನ್ನು ಟೂಸ್ ಕಾಂಪ್ಲಿಮೆಂಟ್ ಪದ್ಧತಿಯಲ್ಲಿ ಓದಿದರೆ ಮೈನಸ್ ಏಳು. ವೈರು ಸಡಿಲವಾಗಿಲ್ಲ, ಐಸಿ ಸುಟ್ಟಿಲ್ಲ. ಉತ್ತರಕ್ಕೆ ಜಾಗ ಸಾಲದೆ ಹೋಗಿದೆ, ಅಷ್ಟೇ. ಇದಕ್ಕೆ ಓವರ್‌ಫ್ಲೋ ಎನ್ನುತ್ತಾರೆ.

ನಾಲ್ಕು ಬಿಟ್‌ಗಳಲ್ಲಿ ಬರೆಯಲಾಗುವುದು ಹದಿನಾರೇ ಸಂಖ್ಯೆಗಳನ್ನು. ಅವುಗಳನ್ನು ಹದಿನಾರು ಮನೆಯ ಗಡಿಯಾರವೆಂದುಕೊಳ್ಳಬಹುದು. ಮೊದಲ ಎಂಟು ಮನೆ 0ಯಿಂದ 7ರವರೆಗೆ, ಮುಂದಿನ ಎಂಟು −8ರಿಂದ −1ರವರೆಗೆ. ಎಡತುದಿಯ ಬಿಟ್ 1 ಆಗಿದ್ದರೆ ಸಂಖ್ಯೆ ಋಣ. ಈ ಗಡಿಯಾರದ ಮುಳ್ಳನ್ನು ಮೂರು ಮನೆ ಹಿಂದಕ್ಕೆ ತಿರುಗಿಸಿದರೂ ಹದಿಮೂರು ಮನೆ ಮುಂದಕ್ಕೆ ತಿರುಗಿಸಿದರೂ ನಿಲ್ಲುವುದು ಒಂದೇ ಕಡೆ. ಹಾಗಾಗಿ ಕಳೆಯುವ ಕೆಲಸವನ್ನು ಕೂಡುವ ಐಸಿಯಿಂದಲೇ ಮಾಡಿಸಬಹುದು. ಹದಿಮೂರನ್ನು ಹುಡುಕುವುದೂ ಸುಲಭ: ಮೂರು ಅಂದರೆ 0011, ಅದರ ಬಿಟ್‌ಗಳನ್ನು ತಿರುವಿದರೆ 1100, ಒಂದು ಕೂಡಿಸಿದರೆ 1101.

ಲ್ಯಾಬಿನಲ್ಲಿ ಈ ಕೆಲಸಕ್ಕೆ ಬಳಸುವುದು 7483 ಎಂಬ ನಾಲ್ಕು ಬಿಟ್‌ನ ಆ್ಯಡರ್ ಐಸಿ, ಜೊತೆಗೆ ನಾಲ್ಕು ಎಕ್ಸ್-ಆರ್ ಗೇಟುಗಳಿರುವ 7486. B ಸಂಖ್ಯೆಯ ಪ್ರತಿ ಬಿಟ್ ಒಂದೊಂದು ಗೇಟಿನ ಮೂಲಕ ಹೋಗುತ್ತದೆ. ಗೇಟಿನ ಇನ್ನೊಂದು ಕಾಲಿಗೆ M ಎಂಬ ಸ್ವಿಚ್ಚು. M ಸೊನ್ನೆಯಾದರೆ B ಇದ್ದ ಹಾಗೇ ದಾಟುತ್ತದೆ, ಒಂದಾದರೆ ತಿರುಗಿ ದಾಟುತ್ತದೆ. ಅದೇ M ಅನ್ನು ಆ್ಯಡರಿನ C0 ಪಿನ್ನಿಗೂ ಕೊಡುವುದರಿಂದ ಕೊನೆಯಲ್ಲಿ ಕೂಡಿಸಬೇಕಾದ ಒಂದು ತಾನಾಗಿಯೇ ಸೇರಿಕೊಳ್ಳುತ್ತದೆ. ಎಚ್ಚರ ಬೇಕಾದದ್ದು ಪವರ್ ಕೊಡುವಾಗ: 7486ಕ್ಕೆ 14ನೇ ಪಿನ್ನಿಗೆ ಐದು ವೋಲ್ಟ್, 7ಕ್ಕೆ ಗ್ರೌಂಡ್, 7483ಕ್ಕೆ ಮಾತ್ರ 5ನೇ ಪಿನ್ನಿಗೆ ಐದು ವೋಲ್ಟ್, 12ಕ್ಕೆ ಗ್ರೌಂಡ್.

ಮೊದಲಿನ ಲೆಕ್ಕವನ್ನು ಈಗ ಕೈಯಲ್ಲೇ ಮಾಡಿದರೆ ಹೀಗಾಗುತ್ತದೆ. A ಐದು, B ಮೈನಸ್ ನಾಲ್ಕು, ಅಂದರೆ 1100. ತಿರುವಿದ B 0011. ಮೇಲಿನ ಸಾಲು ಕ್ಯಾರಿಗಳದ್ದು, ಬಲತುದಿಯ 1 ಸ್ವಿಚ್ಚಿನಿಂದ ಬಂದದ್ದು.

```
C    0 1 1 1 1
A      0 1 0 1
B'     0 0 1 1
S      1 0 0 1
```

ಎಡತುದಿಯ ಕಂಬಸಾಲನ್ನು ನೋಡಬೇಕು. ಅಲ್ಲಿಗೆ ಒಳಬಂದ ಕ್ಯಾರಿ C3 ಒಂದು, ಹೊರಹೋದ ಕ್ಯಾರಿ C4 ಸೊನ್ನೆ. ಕೂಡಿದ ಎರಡೂ ಸಂಖ್ಯೆಗಳ ಚಿಹ್ನೆಯ ಬಿಟ್ ಸೊನ್ನೆಯಾಗಿತ್ತು. ಕೆಳಗಿನಿಂದ ನುಗ್ಗಿದ ಕ್ಯಾರಿ ಆ ಜಾಗದಲ್ಲಿ ಕೂತು ಧನವನ್ನು ಋಣ ಮಾಡಿತು. ಇದರ ತಿರುವುಮುರುವೂ ಆಗುತ್ತದೆ. −6ರಲ್ಲಿ 3 ಕಳೆದರೆ C3 ಸೊನ್ನೆ, C4 ಒಂದು, ಎಲ್‌ಇಡಿಗಳಲ್ಲಿ 0111, ಅಂದರೆ ಏಳು. ಬರಬೇಕಿದ್ದದ್ದು −9. ಎರಡು ಕ್ಯಾರಿಗಳೂ ಒಂದೇ ಆಗಿದ್ದರೆ ಉತ್ತರ ಸರಿ, ಬೇರೆಯಾದರೆ ಓವರ್‌ಫ್ಲೋ.

C4 ಎಲ್‌ಇಡಿ ಹೊತ್ತಿದ ಕೂಡಲೇ ಓವರ್‌ಫ್ಲೋ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದುಬಿಡುವ ವಿದ್ಯಾರ್ಥಿ ಎಡವುವುದು ಇಲ್ಲೇ. 5ರಲ್ಲಿ 3 ಕಳೆದಾಗಲೂ ಅದು ಹೊತ್ತುತ್ತದೆ, ಉತ್ತರ 0010 ಸರಿಯಾಗಿಯೇ ಇರುತ್ತದೆ. ಚಿಹ್ನೆಯಿಲ್ಲದ ಸಂಖ್ಯೆಗಳ ವ್ಯವಕಲನದಲ್ಲಿ C4 ಹೇಳುವುದು ಸಾಲ ತರಬೇಕಾಗಲಿಲ್ಲ ಎಂಬುದನ್ನು ಮಾತ್ರ.

ತೊಡಕೆಂದರೆ, 7483ರಲ್ಲಿ C3ಗೆ ಪಿನ್ನೇ ಇಲ್ಲ. ಅದು ಐಸಿಯ ಹೊಟ್ಟೆಯೊಳಗೇ ಉಳಿಯುತ್ತದೆ. ಆದರೆ ಎಡತುದಿಯ ಮೊತ್ತವೆಂದರೆ ಎರಡು ಬಿಟ್‌ಗಳ ಮತ್ತು C3ರ ಎಕ್ಸ್-ಆರ್ ತಾನೆ? ಹಾಗಿದ್ದರೆ A, ತಿರುವಿದ B, ಮೊತ್ತ ಇವುಗಳ ಎಡತುದಿಯ ಬಿಟ್‌ಗಳನ್ನು ಎಕ್ಸ್-ಆರ್ ಮಾಡಿದರೆ C3 ಕೈಗೆ ಸಿಗುತ್ತದೆ. ಅದನ್ನು C4 ಜೊತೆ ಮತ್ತೊಮ್ಮೆ ಎಕ್ಸ್-ಆರ್ ಮಾಡಿದರೆ ಓವರ್‌ಫ್ಲೋ ದೀಪ. ಇದಕ್ಕೆ ಮೂರು ಗೇಟು ಬೇಕು. ಮೊದಲ 7486ರ ನಾಲ್ಕೂ ಖರ್ಚಾಗಿರುವುದರಿಂದ ಇನ್ನೊಂದನ್ನು ಕೂರಿಸಬೇಕು.

ಗೇಟುಗಳಿಲ್ಲದೆ ಕಣ್ಣಲ್ಲೇ ಪರೀಕ್ಷಿಸುವುದಾದರೆ ಮೂಲ A ಮತ್ತು ಮೂಲ Bಗಳ ಚಿಹ್ನೆ ನೋಡಿದರೆ ಸಾಕು. ಚಿಹ್ನೆ ಒಂದೇ ಆಗಿದ್ದರೆ ವ್ಯವಕಲನದಲ್ಲಿ ಓವರ್‌ಫ್ಲೋ ಆಗದು. ಬೇರೆಬೇರೆಯಾಗಿದ್ದು, ಉತ್ತರದ ಚಿಹ್ನೆ Aಯದ್ದಕ್ಕಿಂತ ಬೇರೆಯಾದರೆ ಓವರ್‌ಫ್ಲೋ. ಮೂಲ B ಎಂದು ಒತ್ತಿ ಹೇಳಲು ಕಾರಣ −8. ಅದು 1000, ತಿರುವಿದರೆ 0111, ಒಂದು ಕೂಡಿಸಿದರೆ ಮತ್ತೆ 1000. +8ಕ್ಕೆ ಈ ಗಡಿಯಾರದಲ್ಲಿ ಮನೆಯೇ ಇಲ್ಲ. −1ರಲ್ಲಿ −8 ಕಳೆಯುವವರು ಕಾಗದದ ಮೇಲೆ ಮೊದಲೇ ಒಂದು ಕೂಡಿಸಿಟ್ಟುಕೊಂಡರೆ 1111ಕ್ಕೆ 1000 ಸೇರಿಸಿದಂತಾಗಿ, ಎರಡು ಋಣ ಸೇರಿ ಧನವಾಯಿತೆಂದು ಇಲ್ಲದ ಓವರ್‌ಫ್ಲೋ ಕಾಣಿಸುತ್ತದೆ. ಕಿಟ್‌ನಲ್ಲಿ 0111 ಒಂದು ಕಡೆಯಿಂದ, ಉಳಿದ ಒಂದು C0 ಕಡೆಯಿಂದ ಬರುವುದರಿಂದ C3, C4 ಎರಡೂ ಒಂದಾಗುತ್ತವೆ. ಓವರ್‌ಫ್ಲೋ ದೀಪ ಹೊತ್ತುವುದಿಲ್ಲ. ಉತ್ತರ 0111, ಸರಿಯಾದ ಏಳು.