ಸಂಬಳ ಹದಿನೆಂಟು ಸಾವಿರ, ಖರ್ಚು ಇಪ್ಪತ್ತೊಂದು ಸಾವಿರ

ದಾವಣಗೆರೆಯಲ್ಲೊಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದುಕೊಳ್ಳೋಣ. ಕೌಂಟರ್, ಗೋದಾಮು, ಬಿಲ್ಲಿಂಗ್ ಎಲ್ಲ ಸೇರಿ ಒಂಬತ್ತು ಜನ ಕೆಲಸಕ್ಕಿದ್ದಾರೆ. ವ್ಯಾಪಾರ ಹೆಚ್ಚಿದೆ, ಇನ್ನೊಬ್ಬ ಬೇಕು. ತಿಂಗಳಿಗೆ 18,000 ರೂಪಾಯಿ ಎಂದು ಮಾತಾಯಿತು. ಮಾಲೀಕರು ಅಷ್ಟನ್ನೇ ಖರ್ಚಿಗೆ ಬರೆದುಕೊಂಡರೆ ವರ್ಷದ ಕೊನೆಗೆ ಲೆಕ್ಕ ತಾಳೆಯಾಗುವುದಿಲ್ಲ.

ಮೊದಲು ಇಎಸ್‌ಐ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗೆ ಇದು ಕಡ್ಡಾಯ. ಸಂಬಳ 21,000ದೊಳಗೆ ಇರುವವರಿಗೆ ಅನ್ವಯಿಸುತ್ತದೆ. ಮಾಲೀಕರ ಪಾಲು ಸಂಬಳದ ಶೇ 3.25, ಅಂದರೆ 585 ರೂಪಾಯಿ. ಕೆಲಸಗಾರನ ಪಾಲು ಶೇ 0.75, ಅಂದರೆ 135 ರೂಪಾಯಿ, ಅದು ಅವನ ಸಂಬಳದಿಂದಲೇ ಹೋಗುತ್ತದೆ. ಈ ಹಣಕ್ಕೆ ಅವನಿಗೂ ಮನೆಯವರಿಗೂ ಇಎಸ್‌ಐ ಆಸ್ಪತ್ರೆಯ ಚಿಕಿತ್ಸೆ ಸಿಗುತ್ತದೆ. ಅನಾರೋಗ್ಯದಿಂದ ಕೆಲಸಕ್ಕೆ ಬಾರದ ದಿನಗಳಲ್ಲಿ ಸಂಬಳದ ಒಂದು ಭಾಗವೂ ಕೈಸೇರುತ್ತದೆ.

ಎರಡನೆಯದು ದೀಪಾವಳಿ ಬೋನಸ್. ಬೋನಸ್ ಕಾನೂನು ಅನ್ವಯಿಸುವುದು ಇಪ್ಪತ್ತು ಜನರಿಂದ. ಅಲ್ಲಿ ಕನಿಷ್ಠ ಬೋನಸ್ ಶೇ 8.33. ಅದಕ್ಕಿಂತ ಚಿಕ್ಕ ಅಂಗಡಿಯಲ್ಲಿ ಕಾನೂನಿನ ಒತ್ತಾಯವಿಲ್ಲದಿದ್ದರೂ ಹಬ್ಬಕ್ಕೆ ಒಂದು ತಿಂಗಳ ಸಂಬಳ ಕೊಡುವ ರೂಢಿ ಅನೇಕ ಕಡೆ ಇದೆ. ವರ್ಷಕ್ಕೊಂದು ಸಂಬಳವೆಂದರೂ ಶೇ 8.33 ಎಂದರೂ ಹೆಚ್ಚುಕಡಿಮೆ ಒಂದೇ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,500 ರೂಪಾಯಿ. ದೀಪಾವಳಿ ಬಂದಾಗ ಒಮ್ಮೆಲೇ ಗಲ್ಲಾ ಖಾಲಿ ಮಾಡುವ ಬದಲು ಪ್ರತಿ ತಿಂಗಳೂ ಇದನ್ನು ತೆಗೆದಿಡುವುದು ಒಳ್ಳೆಯದು.

ಮೂರನೆಯದು ಗ್ರಾಚ್ಯುಟಿ. ಹೆಚ್ಚಿನವರು ಮರೆಯುವುದು ಇದನ್ನೇ. ಇದೂ ಹತ್ತು ಜನರಿಂದಲೇ ಶುರು. ಸಾಮಾನ್ಯವಾಗಿ ಐದು ವರ್ಷ ಕೆಲಸ ಮಾಡಿ ಬಿಟ್ಟವನಿಗೆ ಪ್ರತಿ ವರ್ಷಕ್ಕೆ 15 ದಿನದ ಕೂಲಿ ಕೊಡಬೇಕು. ಆದರೆ ತಿಂಗಳನ್ನು 30 ದಿನವೆಂದಲ್ಲ, 26 ದಿನವೆಂದು ಹಿಡಿಯುತ್ತಾರೆ. 18,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 10,385 ರೂಪಾಯಿ, ತಿಂಗಳಿಗೆ 865. ಲೆಕ್ಕ ಹಾಕುವುದು ಕೊನೆಯಲ್ಲಿ ಪಡೆದ ಸಂಬಳದ ಮೇಲೆ. ಆದ್ದರಿಂದ ಸಂಬಳ ಏರಿದಂತೆ ಹಿಂದಿನ ವರ್ಷಗಳ ಬಾಕಿಯೂ ಏರುತ್ತದೆ.

ಎಲ್ಲ ಕೂಡಿಸಿದರೆ 18,000, 585, 1,500, 865: ಒಟ್ಟು 20,950 ರೂಪಾಯಿ.

ಇಷ್ಟು ಹಣಕ್ಕೆ ಎಷ್ಟು ದಿನದ ಕೆಲಸ ಸಿಗುತ್ತದೆ ಎಂಬುದನ್ನೂ ನೋಡಬೇಕು. ವರ್ಷದಲ್ಲಿ 52 ವಾರದ ರಜೆ, ರಾಷ್ಟ್ರೀಯ ಮತ್ತು ಹಬ್ಬದ ರಜೆ 10, ಜೊತೆಗೆ ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದರಂತೆ ಗಳಿಕೆ ರಜೆ ಸುಮಾರು 14. ಕಾಯಿಲೆಯ ರಜೆ ಬಿಟ್ಟರೂ ಉಳಿಯುವುದು ತಿಂಗಳಿಗೆ ಸುಮಾರು 24 ದಿನ. ಸಂಬಳವನ್ನು 30ರಿಂದ ಭಾಗಿಸಿ ‘ದಿನಕ್ಕೆ 600’ ಎನ್ನುವ ಮಾಲೀಕರಿಗೆ ಒಂದು ದಿನದ ಕೆಲಸ ನಿಜವಾಗಿ ಬೀಳುವುದು 870 ರೂಪಾಯಿಗೂ ಮೇಲೆ. ಸಾಮಾನಿನ ಮೇಲೆ ಲಾಭದ ದರ ಇಡುವಾಗ ಹಿಡಿಯಬೇಕಾದ ಅಂಕಿ ಇದೇ.

ಹತ್ತನೆಯವನ ವಿಷಯದಲ್ಲಿ ಇನ್ನೊಂದು ದೊಡ್ಡ ಮಾತಿದೆ. ಅವನು ಬಂದ ಕೂಡಲೇ ಇಎಸ್‌ಐ ಅವನೊಬ್ಬನಿಗಲ್ಲ, ಎಲ್ಲ ಹತ್ತು ಜನಕ್ಕೂ ಅನ್ವಯಿಸುತ್ತದೆ. ಉಳಿದ ಒಂಬತ್ತು ಮಂದಿಗೂ ಇಷ್ಟೇ ಸಂಬಳವಿದ್ದರೆ ಅವರ ಇಎಸ್‌ಐಗೇ ತಿಂಗಳಿಗೆ 5,265 ರೂಪಾಯಿ ಹೊಸ ಖರ್ಚು. ಗ್ರಾಚ್ಯುಟಿಯ ಹೊಣೆಯೂ ಅವರೆಲ್ಲರ ಪರವಾಗಿ ಹೆಗಲೇರುತ್ತದೆ. ಆಮೇಲೆ ಒಬ್ಬ ಬಿಟ್ಟುಹೋಗಿ ಸಂಖ್ಯೆ ಒಂಬತ್ತಕ್ಕೆ ಇಳಿದರೂ ಒಮ್ಮೆ ಅನ್ವಯಿಸಿದ್ದು ಮುಂದುವರಿಯುತ್ತದೆ. ಹಾಗೆಂದು ಹತ್ತನೆಯವನನ್ನು ಹಾಜರಿ ಪುಸ್ತಕದಿಂದ ಹೊರಗಿಡುವುದು ಅನ್ಯಾಯ. ಅದರಲ್ಲಿ ಅಪಾಯವೂ ಇದೆ. ತಪಾಸಣೆಯಲ್ಲಿ ಸಿಕ್ಕಿದರೆ ಹಿಂದಿನ ಬಾಕಿ ಬಡ್ಡಿಸಮೇತ ಕಟ್ಟಬೇಕು. ಆಯಾ ತಿಂಗಳು ಕಡಿತ ಮಾಡದ ಕೆಲಸಗಾರನ ಪಾಲನ್ನು ಆಮೇಲೆ ಅವನಿಂದ ವಸೂಲಿ ಮಾಡುವಂತಿಲ್ಲ. ಅದೂ ಮಾಲೀಕರ ಜೇಬಿನಿಂದಲೇ ಹೋಗುತ್ತದೆ.

ಪಿಎಫ್ ಕಡ್ಡಾಯವಾಗುವುದು ಇಪ್ಪತ್ತು ಜನವಾದಾಗ. ಆಗ ಮಾಲೀಕರ ಪಾಲು ಶೇ 12, ವಿಮೆ ಅರ್ಧ, ಆಡಳಿತ ಶುಲ್ಕ ಅರ್ಧ, ಒಟ್ಟು ಶೇ 13. ಸಂಬಳದ ಮಿತಿ 15,000ಕ್ಕೆ ಕಟ್ಟಿದರೆ 1,950 ರೂಪಾಯಿ. ಅಲ್ಲಿಗೆ ಇದೇ ಕೆಲಸಗಾರನ ತಿಂಗಳ ಖರ್ಚು 22,900 ರೂಪಾಯಿ.

ಇಎಸ್‌ಐ, ಪಿಎಫ್ ಎರಡರ ಚಲನ್ ಕಟ್ಟಲು ಮುಂದಿನ ತಿಂಗಳ 15ನೇ ತಾರೀಖು ಗಡುವು. ಈ ಹಣ ಕಟ್ಟದಿದ್ದರೆ ಬಾಕಿ ಆಗಲೇ ಕಾಣಿಸುತ್ತದೆ. ಬೋನಸ್ ಮತ್ತು ಗ್ರಾಚ್ಯುಟಿ ಹಾಗಲ್ಲ, ಕೊಡುವ ದಿನದವರೆಗೆ ಯಾರೂ ಕೇಳುವುದಿಲ್ಲ. ಆದ್ದರಿಂದ ಹೊಸಬ ಕೆಲಸಕ್ಕೆ ಸೇರಿದ ದಿನವೇ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆಯಿರಿ. ಅವನ ಹೆಸರಿನ ಲೆಕ್ಕಕ್ಕೆ ತಿಂಗಳಿಗೆ 2,365 ರೂಪಾಯಿ ಅದರಲ್ಲಿ ಹಾಕಿ, ಸಂಬಳ ಏರಿಸಿದಾಗಲೆಲ್ಲ ಆ ಮೊತ್ತವನ್ನೂ ಏರಿಸಿ.