ಸೆಕೆಯ ಊರಿನಲ್ಲಿ ಸಾವರ್‌ಡೋ ಸ್ಟಾರ್ಟರ್

ಸಾವರ್‌ಡೋ ಬ್ರೆಡ್ಡಿಗೆ ಅಂಗಡಿಯ ಯೀಸ್ಟ್ ಬೇಕಿಲ್ಲ. ಗೋಧಿಹಿಟ್ಟು, ನೀರು ಕಲಸಿಟ್ಟು ದಿನವೂ ಹೊಸ ಹಿಟ್ಟು ಕೊಡುತ್ತಾ ಬಂದರೆ, ಹಿಟ್ಟಿನಲ್ಲೇ ಇರುವ ಯೀಸ್ಟ್ ಮತ್ತು ಹುಳಿ ಬರಿಸುವ ಬ್ಯಾಕ್ಟೀರಿಯಾ ಬೆಳೆದು ಸ್ಟಾರ್ಟರ್ ತಯಾರಾಗುತ್ತದೆ. ತೊಡಕಿರುವುದು ವೇಳೆಯ ಲೆಕ್ಕದಲ್ಲಿ. ಪುಸ್ತಕಗಳಲ್ಲಿ ಸಿಗುವ ಹೆಚ್ಚಿನ ವಿಧಾನಗಳು ತಂಪು ದೇಶಗಳ ಅಡುಗೆಮನೆಗಾಗಿ ಬರೆದವು. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ, 31–32 ಡಿಗ್ರಿ ಸೆಕೆಯಲ್ಲಿ, ಅದೇ ಕ್ರಮ ಹಿಡಿದರೆ ಸ್ಟಾರ್ಟರ್ ಬೇಗ ಉಬ್ಬಿ, ಬೇಗ ಇಳಿದು, ಉಳಿದ ಹೊತ್ತೆಲ್ಲ ಹಸಿದು ಕೂರುತ್ತದೆ.

ಅಂಥ ಅಡುಗೆಮನೆಯನ್ನೇ ಇಟ್ಟುಕೊಂಡು ನೋಡೋಣ. ಮೊದಲ ದಿನ ಗಾಜಿನ ಬಾಟಲಿಯಲ್ಲಿ 50 ಗ್ರಾಂ ಗೋಧಿಹಿಟ್ಟು, 50 ಗ್ರಾಂ ನೀರು ಕಲಸಿ, ಮುಚ್ಚಳ ಬಿಗಿ ಮಾಡದೆ ಇಡಿ. ಗಿರಣಿಯಲ್ಲಿ ಬೀಸಿಸಿದ, ತೌಡು ತೆಗೆಯದ ಹಿಟ್ಟು ಮೈದಾಗಿಂತ ಒಳ್ಳೆಯದು. ಯೀಸ್ಟ್ ಹೆಚ್ಚಾಗಿ ಇರುವುದು ಧಾನ್ಯದ ಹೊರಪದರದಲ್ಲಿ. ಅಳತೆ ಲೋಟದಲ್ಲಿ ಬೇಡ, ತೂಕದಲ್ಲೇ ಆಗಲಿ. ಹಿಟ್ಟಿನ ಮಟ್ಟಕ್ಕೆ ಬಾಟಲಿಯ ಹೊರಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ.

ಮರುದಿನ ನೋಡಿದರೆ ಹಿಟ್ಟು ರಬ್ಬರ್ ಬ್ಯಾಂಡ್ ದಾಟಿ ಉಬ್ಬಿರಬಹುದು. ಸ್ಟಾರ್ಟರ್ ಆಗಿಯೇಬಿಟ್ಟಿತು ಎಂದು ಅನೇಕರು ಅಂದುಕೊಳ್ಳುವುದು ಇಲ್ಲೇ. ಆದರೆ ಮೂಗು ಹತ್ತಿರ ತಂದರೆ ಕೊಳೆತ ವಾಸನೆ. ಆ ಉಬ್ಬು ಯೀಸ್ಟ್‌ನದಲ್ಲ, ಲ್ಯೂಕೋನೋಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಬಿಟ್ಟ ಗಾಳಿಯದು. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲೂ ಈ ಲ್ಯೂಕೋನೋಸ್ಟಾಕ್‌ಗೆ ದೊಡ್ಡ ಪಾಲಿದೆ. ಹುಳಿ ಏರಿದಂತೆ ಇವು ತಗ್ಗುತ್ತವೆ. ಹುಳಿ ತಾಳಬಲ್ಲ ಯೀಸ್ಟ್‌ಗೆ ಆಗಷ್ಟೇ ಜಾಗ ಸಿಗುತ್ತದೆ. ನಡುವಿನ ಒಂದೆರಡು ದಿನ ಬಾಟಲಿಯಲ್ಲಿ ಗುಳ್ಳೆಯೇ ಕಾಣದೆ ಹೋಗಬಹುದು. ಸತ್ತಿತೆಂದು ಚೆಲ್ಲಬೇಡಿ. ಹೆಚ್ಚು ಹೆಚ್ಚು ಹಿಟ್ಟು ಸುರಿಯಲೂ ಬೇಡಿ. ಕಟ್ಟಿಕೊಳ್ಳುತ್ತಿರುವ ಹುಳಿ ತೆಳುವಾಗಿ ಕೆಲಸ ಹಿಂದೆ ಬೀಳುತ್ತದೆ. ಈ ಹಂತದಲ್ಲಿ ದಿನಕ್ಕೊಮ್ಮೆ, 50 ಗ್ರಾಂ ಹಳೆಯದನ್ನು ಉಳಿಸಿಕೊಂಡು 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಸೇರಿಸಿದರೆ ಸಾಕು. ತೆಗೆದ ಹಿಟ್ಟನ್ನು ಈಗ ಅಡುಗೆಗೆ ಬಳಸಬಾರದು.

ಐದಾರು ದಿನಕ್ಕೆ ಹಿಟ್ಟು ಮತ್ತೆ ಏರತೊಡಗುತ್ತದೆ, ಈ ಸಲ ಹುಳಿಮೊಸರಿನಂಥ, ಸ್ವಲ್ಪ ಹಣ್ಣಿನ ಹಿತವಾದ ವಾಸನೆಯೊಂದಿಗೆ. ಸೆಕೆಗೆ ತಕ್ಕಂತೆ ಕ್ರಮ ಬದಲಿಸಬೇಕಾದ ಹೊತ್ತು ಇದು. ಸಮಸಮ ಹಿಟ್ಟು ಕೊಟ್ಟರೆ ಮೂರು–ನಾಲ್ಕು ತಾಸಿಗೇ ಪೂರ್ತಿ ಏರಿ ಕುಸಿಯುತ್ತದೆ. ಅದರ ಬದಲು 10 ಗ್ರಾಂ ಹಳೆಯದಕ್ಕೆ 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಕೊಡಿ. ಬೆಳಿಗ್ಗೆ ಏಳಕ್ಕೆ ಕೊಟ್ಟರೆ ಮಧ್ಯಾಹ್ನ ಒಂದರ ಸುಮಾರಿಗೆ ತುದಿ ಮುಟ್ಟುತ್ತದೆ, ಸಂಜೆ ಏಳಕ್ಕೆ ಮತ್ತೊಮ್ಮೆ ಕೊಡಬಹುದು. ರಾತ್ರಿ ಎದ್ದು ನೋಡುವವರಿಲ್ಲವಾದ್ದರಿಂದ ಸಂಜೆ ಹಳೆಯದನ್ನು 5 ಗ್ರಾಂಗೆ ಇಳಿಸಿ ಫ್ರಿಜ್ಜಿನ ನೀರಿನಲ್ಲಿ ಕಲಸಿ. ಮೇಲೆ ಕಪ್ಪು ನೀರು ನಿಂತರೆ, ನೈಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ ಬಂದರೆ ಹಸಿವಾಗಿದೆ ಎಂದೇ ಅರ್ಥ; ಹಳೆಯದನ್ನು ಇನ್ನೂ ಕಡಿಮೆ ಮಾಡಿ. ಆದರೆ ಗುಲಾಬಿ ಅಥವಾ ಕೇಸರಿ ಗೆರೆ, ಇಲ್ಲವೇ ಬೂಷ್ಟು ಕಂಡರೆ ಉಳಿಸುವ ಯೋಚನೆ ಬೇಡ. ಪೂರ್ತಿ ಚೆಲ್ಲಿ, ಬಾಟಲಿ ಚೆನ್ನಾಗಿ ತೊಳೆದು ಮೊದಲಿನಿಂದ ಶುರುಮಾಡಿ.

ಬ್ರೆಡ್ಡಿಗೆ ಸಿದ್ಧವಾಯಿತೆಂದು ತಿಳಿಯುವುದು ಹೇಗೆ? ಒಂದು ಚಮಚ ಸ್ಟಾರ್ಟರನ್ನು ನೀರಿಗೆ ಹಾಕಿ, ತೇಲಿದರೆ ಆಯಿತು ಎನ್ನುವವರಿದ್ದಾರೆ. ನನಗೆ ಈ ಪರೀಕ್ಷೆಯಲ್ಲಿ ನಂಬಿಕೆ ಕಡಿಮೆ. ತೌಡಿರುವ ಹಿಟ್ಟಿನ ಸ್ಟಾರ್ಟರ್ ಚೆನ್ನಾಗಿದ್ದೂ ಮುಳುಗಬಹುದು, ಚಮಚದಲ್ಲಿ ತೆಗೆಯುವಾಗ ಗಾಳಿ ಹೋದರೂ ಮುಳುಗುತ್ತದೆ. ರಬ್ಬರ್ ಬ್ಯಾಂಡೇ ವಾಸಿ. ಒಂದೇ ಅಳತೆಯಲ್ಲಿ ಹಿಟ್ಟು ಕೊಟ್ಟಾಗ ಮೂರು ಸಲ ಸತತವಾಗಿ, ಹೆಚ್ಚುಕಡಿಮೆ ಅಷ್ಟೇ ತಾಸಿನಲ್ಲಿ, ಎರಡು ಪಟ್ಟಾದರೂ ಏರಬೇಕು. ಬಾಟಲಿಯ ಬದಿಯಿಂದ ನೋಡಿದರೆ ತಳದವರೆಗೂ ಗುಳ್ಳೆಗಳಿರಬೇಕು, ಮೇಲ್ಭಾಗ ಗುಮ್ಮಟದಂತೆ ಉಬ್ಬಿರಬೇಕು. ಗುಮ್ಮಟ ಚಪ್ಪಟೆಯಾಗಿ ನಡುವೆ ತಗ್ಗು ಬೀಳತೊಡಗಿದರೆ ತುದಿ ದಾಟಿತು. ಸೆಕೆಯಲ್ಲಿ ಈ ಅವಧಿ ಚಿಕ್ಕದು, ಗುಮ್ಮಟ ಇರುವಾಗಲೇ ಬ್ರೆಡ್ಡಿನ ಹಿಟ್ಟಿಗೆ ಸೇರಿಸಬೇಕು. ತುಂಬ ಇಳಿದು ಹುಳಿ ಏರಿದ ಸ್ಟಾರ್ಟರ್ ಹಾಕಿದರೆ ಹಿಟ್ಟಿನ ಜಿಗುಟು ಸಡಿಲವಾಗಿ ಬ್ರೆಡ್ ಚಪ್ಪಟೆಯಾಗುತ್ತದೆ.

ಇಷ್ಟು ಗಟ್ಟಿಯಾದ ಸ್ಟಾರ್ಟರನ್ನು ದಿನವೂ ಸಾಕಬೇಕಿಲ್ಲ. ಹಿಟ್ಟು ಕೊಟ್ಟು, ಒಂದು ತಾಸು ಹೊರಗಿಟ್ಟು ಫ್ರಿಜ್ಜಿಗೆ ಸೇರಿಸಿದರೆ ವಾರಕ್ಕೊಮ್ಮೆ ಹಿಟ್ಟು ಸಾಕು. ತೆಗೆದದ್ದನ್ನು ಈಗ ದೋಸೆ ಹಿಟ್ಟಿಗೋ ಚಪಾತಿಗೋ ಕಲಸಿಕೊಳ್ಳಬಹುದು. ಬ್ರೆಡ್ ಮಾಡುವ ಹಿಂದಿನ ದಿನ ಹೊರಗೆ ತೆಗೆದು, ಎರಡು ಸಲ ಹಿಟ್ಟು ಕೊಟ್ಟು ಏರಿಸಿಕೊಂಡೇ ಬಳಸಿ.