ಪಂದ್ಯಾವಳಿಯ ನಕ್ಷೆಯಲ್ಲಿ ಅಡಗಿರುವ ಲೆಕ್ಕ

ದೊಡ್ಡ ಪಂದ್ಯಾವಳಿಯೊಂದು ಆರಂಭವಾಗುವ ಮೊದಲೇ ಅದರ ನಕ್ಷೆ ನಮ್ಮ ಮೊಬೈಲಿನ ಪರದೆಯ ಮೇಲೆ ಬಂದಿರುತ್ತದೆ. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಮಿತ್ರರಿಗೆಲ್ಲ ಕಳುಹಿಸುತ್ತಾರೆ. ಎಡಗಡೆ ಹೆಸರುಗಳ ಉದ್ದನೆಯ ಸಾಲು. ಎರಡೆರಡು ಹೆಸರುಗಳನ್ನು ಕೂಡಿಸುವ ಗೆರೆಗಳು. ಬಲಕ್ಕೆ ಸಾಗಿದಂತೆ ಕವಲುಗಳು ಒಂದರೊಡನೊಂದು ಸೇರಿ ಕಡೆಗೆ ಒಂದೇ ಗೆರೆಯಾಗಿ ನಿಲ್ಲುತ್ತವೆ. ಚಿತ್ರವನ್ನು ಕಂಡೊಡನೆ ಮೂರು ಪ್ರಶ್ನೆಗಳು ಸಹಜವಾಗಿ ಏಳುತ್ತವೆ. ಒಟ್ಟು ಎಷ್ಟು ಪಂದ್ಯಗಳು ನಡೆಯಬೇಕು? ಆಡದೆಯೇ ಮುಂದಿನ ಸುತ್ತಿಗೆ ಹೋಗುವವರು, ಎಂದರೆ ‘ಬೈ’ ಪಡೆದವರು, ಎಷ್ಟು ಮಂದಿ? ನಮ್ಮ ಮೆಚ್ಚಿನ ಆಟಗಾರನು ಯಾವ ಸುತ್ತಿನಲ್ಲಿ ಯಾರನ್ನು ಎದುರಿಸಬೇಕಾದೀತು? ಪರದೆ ಚಿಕ್ಕದು, ನಕ್ಷೆ ದೊಡ್ಡದು. ಆದಕಾರಣ ಚಿತ್ರದಲ್ಲಿ ನಕ್ಷೆಯ ಒಂದು ತುಂಡು ಮಾತ್ರ ಕಾಣುವುದೇ ಹೆಚ್ಚು. ಆದರೂ ಆ ತುಂಡಿನಿಂದಲೇ ಬಹಳ ಮಟ್ಟಿಗೆ ಉತ್ತರವನ್ನು ಪಡೆಯಬಹುದು.

ಒಂದು ನಿಜವಾದ ಪಂದ್ಯಾವಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2023ರ ಆಗಸ್ಟಿನಲ್ಲಿ ಅಜರ್‌ಬೈಜಾನಿನ ರಾಜಧಾನಿ ಬಾಕುವಿನಲ್ಲಿ ಫಿಡೆ ಚದುರಂಗ ವಿಶ್ವಕಪ್ ನಡೆಯಿತು. ಮುಕ್ತ ವಿಭಾಗದ ನಕ್ಷೆಯಲ್ಲಿದ್ದವರು 206 ಮಂದಿ. ಸೋತವನು ಹೊರಗೆ, ಗೆದ್ದವನು ಮುಂದಕ್ಕೆ: ಇದೇ ನಾಕೌಟ್ ಪದ್ಧತಿಯ ನಿಯಮ. ನಮ್ಮ ದೇಶದ ಆರ್. ಪ್ರಜ್ಞಾನಂದರು ಇದರಲ್ಲಿ ಅಂತಿಮ ಪಂದ್ಯದವರೆಗೂ ಏರಿದ್ದನ್ನು ಅನೇಕ ವಾಚಕರು ಬಲ್ಲರು.

ಮೊದಲು ಪಂದ್ಯಗಳ ಸಂಖ್ಯೆ. ಸಾಮಾನ್ಯವಾಗಿ ನಾವು ಒಂದೊಂದು ಸುತ್ತಿನ ಪಂದ್ಯಗಳನ್ನೂ ಎಣಿಸಿ ಕೂಡಿಸಲು ಹೊರಡುತ್ತೇವೆ. ಅದು ತಪ್ಪಲ್ಲ, ಆದರೆ ಅನವಶ್ಯಕ. ಗೆಲ್ಲುವವರನ್ನು ಬಿಟ್ಟು ಸೋಲುವವರತ್ತ ನೋಡಿದರೆ ಲೆಕ್ಕ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಪ್ರತಿಯೊಂದು ಪಂದ್ಯವೂ ಒಬ್ಬನನ್ನು, ಒಬ್ಬನನ್ನು ಮಾತ್ರ, ಹೊರಗೆ ಕಳುಹಿಸುತ್ತದೆ. ಕಡೆಯಲ್ಲಿ ಉಳಿಯತಕ್ಕವನು ಒಬ್ಬನೇ. ಹಾಗಾದರೆ 206 ಮಂದಿಯಲ್ಲಿ 205 ಮಂದಿ ಸೋಲಬೇಕು. 205 ಪಂದ್ಯಗಳು ನಡೆಯಬೇಕು. ಬೈಗಳು ಎಷ್ಟಿದ್ದರೂ, ಅವನ್ನು ಯಾವ ಸುತ್ತಿನಲ್ಲಿ ಕೊಟ್ಟರೂ ಈ ಸಂಖ್ಯೆ ಬದಲಾಗುವುದಿಲ್ಲ. ಏಕೆಂದರೆ ಬೈ ಯಾರನ್ನೂ ಸೋಲಿಸುವುದಿಲ್ಲ.

ಇಲ್ಲಿ ಒಂದು ತಿದ್ದುಪಡಿ ಅವಶ್ಯಕ. ಬಾಕುವಿನಲ್ಲಿ ಸೆಮಿಫೈನಲ್ ಸೋತ ಇಬ್ಬರು ಮೂರನೆಯ ಸ್ಥಾನಕ್ಕಾಗಿ ಮತ್ತೆ ಆಡಿದರು. ಆ ಪಂದ್ಯದಲ್ಲಿ ಸೋತವನು ಎರಡನೆಯ ಬಾರಿ ಸೋತಂತಾಯಿತು. ನಮ್ಮ ನಿಯಮಕ್ಕೆ ಅದು ಒಳಪಡುವುದಿಲ್ಲ. ಆದ್ದರಿಂದ ನಕ್ಷೆಯಲ್ಲಿದ್ದ ಒಟ್ಟು ಪಂದ್ಯಗಳು 206. ಈ ಹೆಚ್ಚಿನ ಪಂದ್ಯವನ್ನು ಸಾಮಾನ್ಯವಾಗಿ ನಕ್ಷೆಯ ಒಂದು ಮೂಲೆಯಲ್ಲಿ, ಯಾವ ಕವಲಿಗೂ ಸೇರಿಸದೆ, ಪ್ರತ್ಯೇಕವಾಗಿ ತೋರಿಸುತ್ತಾರೆ. ಸ್ಕ್ರೀನ್‌ಶಾಟ್ ತೆಗೆಯುವವರು ಕತ್ತರಿಸಿ ಬಿಡುವುದೂ ಇದನ್ನೇ. ಆದರೆ ಇದು ಕೇವಲ ಅಲಂಕಾರದ ಪಂದ್ಯವಾಗಿರಲಿಲ್ಲ. ಮೊದಲ ಮೂವರಿಗೆ 2024ರ ಕ್ಯಾಂಡಿಡೇಟ್ಸ್ ಪಂದ್ಯಾವಳಿಯ ಪ್ರವೇಶ ದೊರೆಯಬೇಕಾಗಿತ್ತು. ಫ್ಯಾಬಿಯಾನೊ ಕರುವಾನಾ ಮತ್ತು ನಿಜಾತ್ ಅಬಾಸೊವ್ ಹೋರಾಡಿದ್ದು ಆ ಮೂರನೆಯ ಸ್ಥಳಕ್ಕಾಗಿ; ಗೆದ್ದವರು ಕರುವಾನಾ. ಇನ್ನೊಂದು ಮಾತು: ಚದುರಂಗದಲ್ಲಿ ಒಂದು ಪಂದ್ಯವೆಂದರೆ ಒಂದು ಆಟವಲ್ಲ. ಎರಡು ದೀರ್ಘ ಆಟಗಳು, ಸಮವಾದರೆ ಮೇಲೆ ಕೆಲವು ಶೀಘ್ರ ಆಟಗಳು, ಇವೆಲ್ಲ ಸೇರಿ ಒಂದು ಪಂದ್ಯ. ನಕ್ಷೆಯ ಗೆರೆಗಳು ಎಣಿಸುವುದು ಪಂದ್ಯಗಳನ್ನು, ಆಟಗಳನ್ನಲ್ಲ.

ಈಗ ಬೈಗಳ ವಿಚಾರ. ಪ್ರತಿ ಸುತ್ತಿನಲ್ಲಿಯೂ ಆಟಗಾರರ ಸಂಖ್ಯೆ ಸರಿಯಾಗಿ ಅರ್ಧವಾಗುತ್ತ ಒಂದಕ್ಕೆ ಇಳಿಯಬೇಕಾದರೆ ಆರಂಭದ ಸಂಖ್ಯೆ 2, 4, 8, 16 ಈ ಶ್ರೇಣಿಗೆ ಸೇರಿರಬೇಕು. 206 ಆ ಶ್ರೇಣಿಯಲ್ಲಿಲ್ಲ. ಅದಕ್ಕಿಂತ ಮೇಲಿನ ಮೊದಲನೆಯ ಸಂಖ್ಯೆ 256. ಆದಕಾರಣ ನಕ್ಷೆಯನ್ನು 256 ಸ್ಥಾನಗಳಿಗೆ ಬರೆದು, 256 − 206 = 50 ಸ್ಥಾನಗಳನ್ನು ಖಾಲಿ ಬಿಡುತ್ತಾರೆ. ಖಾಲಿ ಸ್ಥಾನದ ಎದುರಿಗೆ ಇರುವವನಿಗೆ ಬೈ. ಉಳಿದ 156 ಮಂದಿ ಮೊದಲ ಸುತ್ತಿನಲ್ಲಿ 78 ಪಂದ್ಯಗಳನ್ನಾಡುತ್ತಾರೆ. ಅವುಗಳ 78 ವಿಜೇತರೂ ಬೈ ಪಡೆದ 50 ಮಂದಿಯೂ ಸೇರಿದರೆ 128. ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಗಿ ಅರ್ಧವಾಗುತ್ತದೆ.

ಖಾಲಿ ಸ್ಥಾನಗಳನ್ನೆಲ್ಲ ಮೊದಲ ಸುತ್ತಿನಲ್ಲಿಯೇ ಏಕೆ ಮುಗಿಸಬೇಕು? ಸಂಖ್ಯೆ ಬೆಸವಾದಾಗ ಒಬ್ಬನನ್ನು ಸುಮ್ಮನೆ ಕೂರಿಸಿದರೆ ಸಾಲದೆ? ಹಾಗೆಯೇ ಮಾಡಿ ನೋಡೋಣ. 206 ಮಂದಿ 103 ಆಗುತ್ತಾರೆ. ಒಬ್ಬನನ್ನು ಕೂರಿಸಿದರೆ 52. ಆಮೇಲೆ 26, 13. ಮತ್ತೊಬ್ಬನನ್ನು ಕೂರಿಸಿದರೆ 7. ಇನ್ನೊಬ್ಬನನ್ನು ಕೂರಿಸಿದರೆ 4. ಬರಿಯ ಮೂರು ಬೈಗಳಲ್ಲಿ ಕೆಲಸ ಮುಗಿಯಿತು, ಪಂದ್ಯಗಳೂ ಅದೇ 205. ಆದರೆ ಏಳು ಮಂದಿ ಉಳಿದಾಗ ಒಬ್ಬನು ಏನೂ ಆಡದೆ ಸೆಮಿಫೈನಲಿಗೆ ಕಾಲಿಟ್ಟನೆಂಬುದನ್ನು ಗಮನಿಸಿ. ಮೊದಲ ಸುತ್ತಿನ ಬೈ ದುರ್ಬಲನೊಬ್ಬನೊಡನೆ ಆಡುವ ಶ್ರಮವನ್ನು ಉಳಿಸುತ್ತದೆ. ಈ ಬೈ ಪ್ರಪಂಚದ ಬಲಿಷ್ಠ ಆಟಗಾರನೊಬ್ಬನನ್ನೇ ದಾರಿಯಿಂದ ತೆಗೆದುಬಿಡುತ್ತದೆ. ಐವತ್ತು ಸಣ್ಣ ಉಡುಗೊರೆಗಳು ಮೂರು ದೊಡ್ಡ ಉಡುಗೊರೆಗಳಿಗಿಂತ ನ್ಯಾಯವೆಂಬುದು ನನ್ನ ಅಭಿಪ್ರಾಯ. ಪಂದ್ಯಾವಳಿ ನಡೆಸುವವರ ಅಭಿಪ್ರಾಯವೂ ಬಹುಮಟ್ಟಿಗೆ ಅದೇ.

ಅನೇಕ ನಕ್ಷೆಗಳಲ್ಲಿ ‘ಬೈ’ ಎಂಬ ಪದವೇ ಇರುವುದಿಲ್ಲ. ಬೈ ಪಡೆದವನ ಹೆಸರು ನೇರವಾಗಿ ಎರಡನೆಯ ಸುತ್ತಿನ ಕಂಬದಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥಲ್ಲಿ ಎರಡು ಪಕ್ಕದ ಕಂಬಗಳ ಪಂದ್ಯಗಳನ್ನು ಎಣಿಸಿ ಹೋಲಿಸಬೇಕು. ಎರಡನೆಯ ಕಂಬದಲ್ಲಿ 64 ಪಂದ್ಯಗಳಿದ್ದರೆ ಅವುಗಳಿಗೆ 128 ಮಂದಿ ಬೇಕು. ಮೊದಲ ಕಂಬ ಒದಗಿಸುವುದು 78 ಮಂದಿಯನ್ನು ಮಾತ್ರ. ಕೊರತೆಯಾದ 50 ಬೈಗಳೇ. ಎರಡನೆಯ ಸುತ್ತಿನಲ್ಲಿ ಹೆಸರಿಲ್ಲದೆ ಬರಿದಾಗಿ ಕಾಣುವ ಸ್ಥಾನವನ್ನು ಬೈ ಎಂದು ಭ್ರಮಿಸಬಾರದು. ಅದರ ಎಡಕ್ಕೆ ಕವಲು ಇದ್ದರೆ, ಇನ್ನೂ ಮುಗಿಯದ ಪಂದ್ಯದ ವಿಜೇತನಿಗಾಗಿ ಅದು ಕಾದಿದೆಯೆಂದು ಅರ್ಥ. ಕವಲೇ ಇಲ್ಲದಿದ್ದರೆ ಮಾತ್ರ ಬೈ. ಎದುರಾಳಿ ಬಾರದಿದ್ದರಿಂದ ದೊರೆತ ಜಯವೂ ಬೈ ಅಲ್ಲ. ಅಲ್ಲಿ ಒಬ್ಬನು ನಕ್ಷೆಯಿಂದ ಹೊರಬಿದ್ದಿರುತ್ತಾನೆ, ಆದ್ದರಿಂದ ಅದನ್ನು ಪಂದ್ಯವೆಂದೇ ಎಣಿಸಬೇಕು.

ಇನ್ನು ಅತ್ಯಂತ ಸ್ವಾರಸ್ಯವಾದ ಮೂರನೆಯ ಪ್ರಶ್ನೆ. ಆಟಗಾರರಿಗೆ ಬಲಾನುಸಾರವಾಗಿ 1ರಿಂದ 206ರವರೆಗೆ ಶ್ರೇಯಾಂಕಗಳನ್ನು ಕೊಟ್ಟಿರುತ್ತಾರೆ. ಬಲಿಷ್ಠರು ಪರಸ್ಪರ ಬಹಳ ತಡವಾಗಿ ಎದುರಾಗುವಂತೆ ಸ್ಥಾನಗಳನ್ನು ಹಂಚಬೇಕು. ಇದಕ್ಕೆ ಒಂದು ಸುಲಭ ಸೂತ್ರವಿದೆ: ಎಲ್ಲರೂ ಶ್ರೇಯಾಂಕದಂತೆಯೇ ಗೆದ್ದರೆ, ಒಂದು ಸುತ್ತಿನ ಪ್ರತಿ ಪಂದ್ಯದಲ್ಲಿಯೂ ಇಬ್ಬರ ಶ್ರೇಯಾಂಕಗಳ ಮೊತ್ತ ಒಂದೇ ಆಗಿರುತ್ತದೆ. ಆ ಮೊತ್ತ ಆ ಸುತ್ತಿನ ಒಟ್ಟು ಸ್ಥಾನಗಳಿಗಿಂತ ಒಂದು ಹೆಚ್ಚು. ಮೊದಲ ಸುತ್ತಿನಲ್ಲಿ 257, ಎರಡನೆಯದರಲ್ಲಿ 129, ಅನಂತರ 65, 33, 17, 9, 5. ಅಂತಿಮ ಪಂದ್ಯದಲ್ಲಿ 3, ಎಂದರೆ ಒಂದನೆಯವನೂ ಎರಡನೆಯವನೂ. 257 ಎಂಬ ಮೊತ್ತದಿಂದಲೇ ಬೈಗಳು ಯಾರಿಗೆಂಬುದೂ ತಿಳಿಯುತ್ತದೆ: 50ನೆಯವನ ಎದುರಾಳಿ 207ನೆಯವನು, ಅಂಥವನಿಲ್ಲ, 51ನೆಯವನ ಎದುರಾಳಿ 206ನೆಯವನು, ಅವನಿದ್ದಾನೆ. ಹಾಗಾಗಿ ಮೊದಲ ಐವತ್ತು ಮಂದಿಗೆ ಬೈ.

ಪ್ರಜ್ಞಾನಂದರ ಶ್ರೇಯಾಂಕ 31. ಅವರ ದಾರಿಯನ್ನು ಕಟ್ಟೋಣ. ಮೊದಲ ಸುತ್ತು ಬೈ. ಎರಡನೆಯ ಸುತ್ತಿನಲ್ಲಿ 129 − 31 = 98ನೆಯವನ ಸ್ಥಾನದಿಂದ ಬರುವವನು, ಮೂರನೆಯದರಲ್ಲಿ 65 − 31 = 34ನೆಯವನು. ನಾಲ್ಕನೆಯದರಲ್ಲಿ 33 − 31 = 2: ಬಹು ಬೇಗನೆ ಎರಡನೆಯ ಶ್ರೇಯಾಂಕದ ಹಿಕಾರು ನಕಮುರಾ! ಶ್ರೇಯಾಂಕದಂತೆ ಇಲ್ಲಿ 31ನೆಯವನ ಪಯಣ ಮುಗಿಯಬೇಕು. ಆದರೆ ಪ್ರಜ್ಞಾನಂದರು ಗೆದ್ದರು. ಗೆದ್ದವನಿಗೆ ಸೋತವನ ದಾರಿಯೇ ದಾರಿ. ಆದ್ದರಿಂದ ಮುಂದೆ ಅವರನ್ನು 2ನೆಯವನೆಂದೇ ಎಣಿಸಬೇಕು. ಐದನೆಯ ಸುತ್ತಿನಲ್ಲಿ 17 − 2 = 15ನೆಯವನ ಭಾಗ, ಆರನೆಯದರಲ್ಲಿ 7ನೆಯವನ ಭಾಗ, ಸೆಮಿಫೈನಲಿನಲ್ಲಿ 3, ಅಂತಿಮದಲ್ಲಿ 1. ನಡೆದುದೇನು? ಐದನೆಯ ಸುತ್ತಿನಲ್ಲಿ ಫೆರೆಂಕ್ ಬರ್ಕೆಶ್, ಆರನೆಯದರಲ್ಲಿ ನಮ್ಮವರೇ ಆದ ಅರ್ಜುನ್ ಎರಿಗೈಸಿ, ಸೆಮಿಫೈನಲಿನಲ್ಲಿ ಮೂರನೆಯ ಶ್ರೇಯಾಂಕದ ಕರುವಾನಾ, ಅಂತಿಮದಲ್ಲಿ ಒಂದನೆಯ ಶ್ರೇಯಾಂಕದ ಮ್ಯಾಗ್ನಸ್ ಕಾರ್ಲ್‌ಸನ್. ಮೊದಲಿಬ್ಬರು ಬೇರೆಯವರ ಸ್ಥಾನದಲ್ಲಿ ಏರಿ ಬಂದವರು. ಕೊನೆಯ ಇಬ್ಬರು ತಮ್ಮ ಸ್ಥಾನವನ್ನು ತಾವೇ ಉಳಿಸಿಕೊಂಡವರು. ಅಂತಿಮ ಪಂದ್ಯವನ್ನು ಕಾರ್ಲ್‌ಸನ್ ಶೀಘ್ರ ಆಟಗಳಲ್ಲಿ ಗೆದ್ದರು.

ಸೂತ್ರ ಹೇಳುವುದು ‘ಬರಬಹುದಾದ’ ಒಬ್ಬನನ್ನು. ನಿಜವಾಗಿ ಬರಲು ಸಾಧ್ಯವಿರುವವರು ಎಷ್ಟು ಮಂದಿ? ಎದುರಿನ ಕವಲಿನಿಂದ ಎಡಕ್ಕೆ ಹಿಂದೆ ಹೋಗಿ ಹೆಸರುಗಳನ್ನು ಎಣಿಸಿದರೆ ಸಾಕು. ಎರಡನೆಯ ಸುತ್ತಿನಲ್ಲಿ ಪ್ರಜ್ಞಾನಂದರ ಎದುರಿಗಿದ್ದ ಕವಲಿನಲ್ಲಿ 98 ಮತ್ತು 159, ಇಬ್ಬರೇ. ಮೂರನೆಯ ಸುತ್ತಿನ ಕವಲಿನಲ್ಲಿ ನಾಲ್ಕು ಸ್ಥಾನಗಳು. ಅವುಗಳಲ್ಲಿ ಒಂದು ಖಾಲಿ, ಉಳಿದವರು 3. ಹೀಗೆಯೇ ಮುಂದೆ 7, 12, 26, 52. ಅಂತಿಮ ಪಂದ್ಯಕ್ಕೆ ಇನ್ನೊಂದು ಅರ್ಧದ 103 ಮಂದಿ. ಲೆಕ್ಕ ಸರಿಯೇ ಎಂದು ತಿಳಿಯಲು ಇವನ್ನೆಲ್ಲ ಕೂಡಿಸಿ: 2 + 3 + 7 + 12 + 26 + 52 + 103 = 205. ತಾನೊಬ್ಬನನ್ನು ಬಿಟ್ಟು ಉಳಿದವರೆಲ್ಲರೂ ಬಂದರು, ಯಾರೂ ಎರಡು ಬಾರಿ ಬರಲಿಲ್ಲ. ಮೂರನೆಯ ಸ್ಥಾನದ ಪಂದ್ಯವನ್ನು ಬಿಟ್ಟರೆ, ಯಾವ ಇಬ್ಬರೂ ಸಂಧಿಸಬಹುದಾದ ಸುತ್ತು ಒಂದೇ ಒಂದು; ಅದು ಇಬ್ಬರ ಗೆರೆಗಳು ಸೇರುವ ಬಿಂದು. ಪ್ರಜ್ಞಾನಂದ ಮತ್ತು ಅರ್ಜುನ್ ಎದುರಾಗುವುದಾದರೆ ಆರನೆಯ ಸುತ್ತಿನಲ್ಲಿಯೇ ಎಂಬುದು ಮೊದಲ ಕಾಯಿ ನಡೆಸುವ ಮುಂಚೆಯೇ ನಿಶ್ಚಯವಾಗಿತ್ತು.

ಚಿತ್ರ ತುಂಡಾಗಿದ್ದರೆ? ಯಾವುದಾದರೂ ಒಂದು ಕಂಬ ಪೂರ್ಣವಾಗಿ ಕಂಡರೂ ಸಾಕು. ಅದರಲ್ಲಿ 8 ಪಂದ್ಯಗಳಿದ್ದರೆ 16 ಮಂದಿ ಉಳಿದಿದ್ದಾರೆ, ಇನ್ನು 15 ಪಂದ್ಯಗಳಿವೆ. ಆದರೆ ಕಂಬದ ಮೇಲ್ಭಾಗವೋ ಕೆಳಭಾಗವೋ ಕತ್ತರಿಸಿ ಹೋಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಒಂದು ಕಂಬದಲ್ಲಿ 6 ಪಂದ್ಯಗಳು ಕಂಡು ಅದರ ಬಲದ ಕಂಬದಲ್ಲಿ 4 ಕಂಡರೆ ಎರಡು ಸಾಧ್ಯತೆಗಳಿವೆ: ಎಡ ಕಂಬದಿಂದ ಎರಡು ಪಂದ್ಯಗಳು ಕತ್ತರಿಸಿ ಹೋಗಿರಬೇಕು, ಇಲ್ಲವೆ ಇಬ್ಬರಿಗೆ ಬೈ ದೊರೆತಿರಬೇಕು. ಬಲ ಕಂಬದ ಹೆಸರುಗಳ ಹಿಂದೆ ಗೆರೆ ಚಾಚಿಕೊಂಡು ಚಿತ್ರದ ಅಂಚಿಗೆ ಹೋಗಿದ್ದರೆ ಮೊದಲನೆಯದು. ಗೆರೆಯೇ ಇಲ್ಲದಿದ್ದರೆ ಎರಡನೆಯದು.

ಈ ಎಲ್ಲ ಲೆಕ್ಕದಲ್ಲಿ ಎದುರಾಳಿಗಳ ಭಾಗ ನಿಲ್ಲುವುದು ನಕ್ಷೆ ಬದಲಾಗದಿದ್ದರೆ ಮಾತ್ರ. ಅಮೆರಿಕದ ವೃತ್ತಿಪರ ಫುಟ್‌ಬಾಲಿನ ನಾಕೌಟ್ ಹಂತದಲ್ಲಿ ಸುತ್ತು ಮುಗಿದ ಮೇಲೆ ಉಳಿದ ತಂಡಗಳನ್ನು ಶ್ರೇಯಾಂಕದಂತೆ ಮತ್ತೆ ಜೋಡಿಸುತ್ತಾರೆ. ಕೆಲವು ಫುಟ್‌ಬಾಲ್ ಕಪ್‌ಗಳಲ್ಲಿ ಪ್ರತಿ ಸುತ್ತಿಗೂ ಹೊಸದಾಗಿ ಚೀಟಿ ಎತ್ತುತ್ತಾರೆ. ಇಂಗ್ಲೆಂಡಿನ ಎಫ್.ಎ. ಕಪ್ ಅಂಥದು. ಅಲ್ಲಿ ಪಂದ್ಯಗಳ ಎಣಿಕೆ ಹಾಗೆಯೇ ಉಳಿಯುತ್ತದೆ. ಆದರೆ ಮುಂದಿನ ಎದುರಾಳಿಯನ್ನು ಗೆರೆ ಹಿಡಿದು ಹುಡುಕುವಂತಿಲ್ಲ, ಏಕೆಂದರೆ ಆ ಗೆರೆಯನ್ನು ಇನ್ನೂ ಯಾರೂ ಎಳೆದಿರುವುದಿಲ್ಲ.